ಕಲ್ನಾರು ಶೀಟಿನ ಪ್ರಶ್ನೆ: ನಿಷೇಧ ಉಳಿಯುತ್ತದೆ, ರಿಯಾಯಿತಿ ಉಳಿಯುವುದಿಲ್ಲ

ಪ್ರಶ್ನೆ: ಸರ್, ನಾನು ಕಾನೂನು ಪದವಿಯ ಅಂತಿಮ ವರ್ಷದಲ್ಲಿದ್ದೇನೆ. ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಪತ್ರಿಕೆಯಲ್ಲಿ 20 ಅಂಕದ ಸಮಸ್ಯೆ ಹೀಗಿತ್ತು. ಮಂದಾರ ದೇಶ ಕ್ಯಾನ್ಸರ್ ತಡೆಯಲೆಂದು ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಮತ್ತು ಕಲ್ನಾರು ಸಿಮೆಂಟ್ ಶೀಟುಗಳ ತಯಾರಿಕೆ, ಮಾರಾಟ, ಆಮದು ಮೂರನ್ನೂ ನಿಷೇಧಿಸುತ್ತದೆ. ಅಲ್ಲಿನ ಕಾರ್ಖಾನೆಗಳು ಪಿವಿಎ ಎಂಬ ಕೃತಕ ನಾರು ಮತ್ತು ಸೆಲ್ಯುಲೋಸ್ ನಾರಿನ ಶೀಟು ಮಾಡುತ್ತವೆ. ಪ್ರಾದೇಶಿಕ ವ್ಯಾಪಾರ ಒಪ್ಪಂದದ ನ್ಯಾಯಮಂಡಳಿ ತೀರ್ಪು ಕೊಟ್ಟಿದ್ದರಿಂದ ನೆರೆಯ ಕೇದಿಗೆ ದೇಶದಿಂದ ಮಾತ್ರ ವರ್ಷಕ್ಕೆ 40,000 ಕಲ್ನಾರು ಶೀಟು ತರಲು ಬಿಡುತ್ತದೆ. ಕಲ್ನಾರು ರಫ್ತು ಮಾಡುವ ಸಂಪಿಗೆ ದೇಶ ವಿಶ್ವ ವ್ಯಾಪಾರ ಸಂಸ್ಥೆಯಾದ ಡಬ್ಲ್ಯುಟಿಒಗೆ ದೂರು ಕೊಟ್ಟು, ಎಚ್ಚರಿಕೆಯಿಂದ ಬಳಸಿದರೆ ಅಪಾಯವಿಲ್ಲ, ಇದು ತಾರತಮ್ಯ ಎನ್ನುತ್ತದೆ. ಮೂರೂ ಸದಸ್ಯ ದೇಶಗಳೇ. ಸಂಪಿಗೆ ಗೆಲ್ಲುತ್ತದೆಯೇ? ಸರಕು ವ್ಯಾಪಾರದ ಮೂಲ ಒಪ್ಪಂದವಾದ ಗ್ಯಾಟ್‌ನ 20(ಬಿ)ಯಲ್ಲಿ ಆರೋಗ್ಯಕ್ಕೆ ವಿನಾಯಿತಿ ಇದೆ, ಹಾಗಾಗಿ ನಿಷೇಧ ಸರಿ, ಸಂಪಿಗೆ ಸೋಲುತ್ತದೆ ಎಂದು ನಾಲ್ಕು ಪುಟ ಬರೆದೆ. 7 ಅಂಕ ಬಂತು. ಎಲ್ಲಿ ತಪ್ಪಿದೆ?

ಉತ್ತರ: ನೀವು ಓಟದ ಕೊನೆಯ ಗೆರೆಯಿಂದ ಓಡಲು ಶುರು ಮಾಡಿದ್ದೀರಿ. ವಿನಾಯಿತಿ ಬೇಕಾಗುವುದು ನಿಯಮ ಮುರಿದವರಿಗೆ ಮಾತ್ರ. ಮಂದಾರ ಯಾವ ನಿಯಮ ಮುರಿಯಿತು, ಮುರಿದದ್ದು ನಿಷೇಧದಿಂದಲೋ ಕೇದಿಗೆಗೆ ಕೊಟ್ಟ ರಿಯಾಯಿತಿಯಿಂದಲೋ ಎಂದು ತೀರ್ಮಾನಿಸದೆ 20ನೇ ವಿಧಿಗೆ ಹಾರಿದರೆ, ಯಾವುದನ್ನು ಸಮರ್ಥಿಸುತ್ತಿದ್ದೇವೆ ಎಂಬುದೇ ಗೊತ್ತಾಗುವುದಿಲ್ಲ. ನಿಮ್ಮ ಉತ್ತರದಲ್ಲಿ ಕೇದಿಗೆಯ 40,000 ಶೀಟು ಒಂದು ಸಾಲಿನಲ್ಲಾದರೂ ಬಂದಿತ್ತೇ? ಬಂದಿರಲಿಲ್ಲ ಎಂದೇ ನನ್ನ ಊಹೆ. ಪ್ರಶ್ನೆ ತೆಗೆದವರು ಅದನ್ನು ಸುಮ್ಮನೆ ಸೇರಿಸಿಲ್ಲ. ನನ್ನ ಲೆಕ್ಕದಲ್ಲಿ ಸಂಪಿಗೆ ಗೆಲ್ಲುತ್ತದೆ, ಗೆಲ್ಲುವುದು ಆ ಶೀಟುಗಳಿಂದ. ನಿಷೇಧದ ಮೇಲೆ ಅದು ಹೂಡುವ ವಾದವೆಲ್ಲ ಬಿದ್ದುಹೋಗುತ್ತದೆ.

ಈ ಸಮಸ್ಯೆ ಎರಡು ನಿಜವಾದ ವ್ಯಾಜ್ಯಗಳನ್ನು ಜೋಡಿಸಿ ಹೊಲಿದದ್ದು. ಒಂದು ಫ್ರಾನ್ಸಿನ ಕಲ್ನಾರು ನಿಷೇಧದ ಮೇಲೆ ಕೆನಡಾ ಹೂಡಿದ್ದು. ಅದರಲ್ಲಿ ಡಬ್ಲ್ಯುಟಿಒದ ಮೇಲ್ಮನವಿ ಮಂಡಳಿ 2001ರ ಮಾರ್ಚಿನಲ್ಲಿ ವರದಿ ಕೊಟ್ಟಿತು. ಇನ್ನೊಂದು ಬ್ರೆಜಿಲ್‌ನ ರೀಸೋಲ್ ಟೈರ್ ನಿಷೇಧದ ಮೇಲೆ ಐರೋಪ್ಯ ಸಮುದಾಯ ಹೂಡಿದ್ದು, 2007ರ ಡಿಸೆಂಬರಿನದು. ಮೊದಲನೆಯದರಲ್ಲಿ ನಿಷೇಧ ಹೇರಿದ ದೇಶ ಗೆದ್ದಿತು, ಎರಡನೆಯದರಲ್ಲಿ ಸೋತಿತು. ಎರಡೂ ಕಡೆ ಆರೋಗ್ಯದ ಕಾರಣ ನಿಜವೇ ಆಗಿತ್ತು. ಹಾಗಾದರೆ ವ್ಯತ್ಯಾಸ ಎಲ್ಲಿ ಎಂಬುದನ್ನು ಹಿಡಿದರೆ ಈ 20 ಅಂಕದ ಪ್ರಶ್ನೆ ಬಿಡಿಸಿದಂತೆಯೇ.

ಮೊದಲ ಹೆಜ್ಜೆಯಲ್ಲೇ ಒಂದು ಗುಂಡಿ ಇದೆ. ‘ಆಮದು ನಿಷೇಧ’ ಎಂಬ ಪದ ಕಂಡ ಕೂಡಲೇ ಹಲವರು 11(1)ನೇ ವಿಧಿ, ಅಂದರೆ ಆಮದಿನ ಮೇಲೆ ನಿಷೇಧ ಮತ್ತು ಕೋಟಾ ಹಾಕಬಾರದೆಂಬ ನಿಯಮ, ಮುರಿಯಿತು ಎಂದು ಬರೆಯುತ್ತಾರೆ. ಮಂದಾರದ ಕಾನೂನನ್ನು ಮತ್ತೊಮ್ಮೆ ಓದಿ: ತಯಾರಿಕೆ, ಮಾರಾಟ, ಆಮದು. ದೇಶದೊಳಗೆ ಮಾಡುವುದೂ ಮಾರುವುದೂ ಅಪರಾಧವಾಗಿರುವಾಗ ಬಂದರಿನಲ್ಲಿ ತಡೆಯುವುದು ಅದೇ ಆಂತರಿಕ ನಿಯಮವನ್ನು ಗಡಿಯಲ್ಲಿ ಜಾರಿ ಮಾಡಿದಂತೆ. 3ನೇ ವಿಧಿಗೆ ಗ್ಯಾಟ್ ಅನುಬಂಧದಲ್ಲಿರುವ ಟಿಪ್ಪಣಿ ಇದನ್ನೇ ಹೇಳುತ್ತದೆ. ಫ್ರಾನ್ಸಿನ 1996ರ ಡಿಸೆಂಬರ್ 24ರ ಆದೇಶವೂ ಇದೇ ಸ್ವರೂಪದ್ದು, 1997ರ ಜನವರಿ 1ರಿಂದ ಜಾರಿಗೆ ಬಂದದ್ದು. ಕೆನಡಾ 11ನೇ ವಿಧಿ ಎಳೆದು ತಂದರೂ, ವ್ಯಾಜ್ಯವನ್ನು ಮೊದಲು ಕೇಳುವ ಪ್ಯಾನೆಲ್ 3(4)ರ ಅಡಿಯಲ್ಲೇ ನೋಡಿತು. ಬ್ರೆಜಿಲ್ ಆಮದನ್ನು ಮಾತ್ರ ನಿಷೇಧಿಸಿತ್ತು, ದೇಶದೊಳಗೆ ಟೈರ್ ರೀಸೋಲ್ ಮಾಡುವ ಉದ್ಯಮ ಎಂದಿನಂತೆ ನಡೆಯುತ್ತಿತ್ತು. ಹಾಗಾಗಿ ಅಲ್ಲಿ 11(1) ಅನ್ವಯಿಸಿತು. ಉತ್ತರದ ಮೊದಲ ಪುಟದಲ್ಲೇ ಈ ವ್ಯತ್ಯಾಸ ತೋರಿಸಿದರೆ, ನೀವು ಕಾನೂನನ್ನು ಬಾಯಿಪಾಠ ಮಾಡಿದವರಲ್ಲ, ಸಮಸ್ಯೆಯನ್ನು ಓದಿದವರು ಎಂದು ಪರೀಕ್ಷಕರಿಗೆ ಗೊತ್ತಾಗುತ್ತದೆ.

3(4) ಹೇಳುವುದು ನ್ಯಾಷನಲ್ ಟ್ರೀಟ್‌ಮೆಂಟ್: ಗಡಿ ದಾಟಿ ಒಳಬಂದ ಸರಕನ್ನು ಅದರಂಥದೇ ದೇಶಿ ಸರಕಿಗಿಂತ ಕಡೆಯಾಗಿ ಕಾಣಬಾರದು. ಇಡೀ ಜಗಳ ಆ ‘ಅದರಂಥದೇ’ ಎಂಬ ಮಾತಿನ ಮೇಲೆ ನಿಂತಿದೆ. ಸಂಪಿಗೆಯ ಕಲ್ನಾರು ಶೀಟೂ ಮಂದಾರದ ಪಿವಿಎ ನಾರಿನ ಶೀಟೂ ಸಮಾನ ಸರಕುಗಳೇ? ಎರಡೂ ಬೂದು ಬಣ್ಣ, ಎರಡಕ್ಕೂ ಅದೇ ಅಲೆಅಲೆಯ ಏಣು, ಎರಡೂ ದನದ ಕೊಟ್ಟಿಗೆಯ ಮೇಲೆ ಕೂತು ಮಳೆ ತಡೆಯುತ್ತವೆ. ಬರಿಗಣ್ಣಿಗೆ ಭೇದವೇ ಇಲ್ಲ.

ಸಮಾನತೆ ಅಳೆಯಲು 1970ರ ಕಾರ್ಯತಂಡದ ವರದಿಯೊಂದರಿಂದ ಬೆಳೆದು ಬಂದ ನಾಲ್ಕು ಒರೆಗಲ್ಲುಗಳಿವೆ: ಸರಕಿನ ಭೌತಿಕ ಗುಣ, ಅದರ ಬಳಕೆ, ಗ್ರಾಹಕರ ಅಭಿರುಚಿ, ಸುಂಕದ ಪಟ್ಟಿಯಲ್ಲಿ ಅದರ ಜಾಗ. ಕಲ್ನಾರು ವ್ಯಾಜ್ಯದ ಪ್ಯಾನೆಲ್ ಬಳಕೆಯ ಮೇಲೆ ಒತ್ತು ಕೊಟ್ಟು, ಎರಡೂ ಒಂದೇ ಕೆಲಸ ಮಾಡುತ್ತವೆ, ಆದ್ದರಿಂದ ಸಮಾನ ಎಂದಿತು. ಆರೋಗ್ಯದ ಅಪಾಯವನ್ನು ಇಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡರೆ 20(ಬಿ)ಗೆ ಕೆಲಸವೇ ಉಳಿಯುವುದಿಲ್ಲ ಎಂಬುದು ಅದರ ಅಳುಕು. ಮೇಲ್ಮನವಿ ಮಂಡಳಿ ಈ ತೀರ್ಮಾನವನ್ನು ತಲೆಕೆಳಗು ಮಾಡಿತು. ಕ್ರೈಸೊಟೈಲ್ ಎಂಬ ಬಗೆಯ ಕಲ್ನಾರಿನ ಅಣುರಚನೆ, ರಾಸಾಯನಿಕ ಸ್ವರೂಪ ಮತ್ತು ಉದ್ದುದ್ದಕ್ಕೆ ಸೀಳಿ ಇನ್ನೂ ಸಣ್ಣ ಎಳೆಗಳಾಗುವ ಗುಣ, ಇವೇ ಅದನ್ನು ಕ್ಯಾನ್ಸರ್‌ಕಾರಕ ಮಾಡುತ್ತವೆ. ಪಿವಿಎ, ಸೆಲ್ಯುಲೋಸ್, ಗಾಜಿನ ನಾರಿನಲ್ಲಿ ಅದೇ ಮಟ್ಟದ ಅಪಾಯ ಕಂಡುಬಂದಿರಲಿಲ್ಲ. ಹಾಗಿರುವಾಗ ವಿಷಕಾರಿ ಗುಣವೇ ಭೌತಿಕ ಗುಣದ ಒಂದು ಭಾಗ, ಅದನ್ನು ಪಕ್ಕಕ್ಕಿಟ್ಟು ಸಮಾನತೆ ಅಳೆಯಲು ಬರುವುದಿಲ್ಲ ಎಂದಿತು.

ಗ್ರಾಹಕರ ಅಭಿರುಚಿಯ ವಿಷಯದಲ್ಲಿ ಅದು ಹೇಳಿದ ಮಾತು ನನಗೆ ತುಂಬ ಹಿಡಿಸುತ್ತದೆ. ನಾರನ್ನು ಕೊಳ್ಳುವವನು ಶೀಟಿನ ಕಾರ್ಖಾನೆಯವನು, ಮನೆ ಕಟ್ಟುವವನಲ್ಲ. ಆದರೂ ಕಾರ್ಖಾನೆಯವನು ತನ್ನ ಗಿರಾಕಿ ಯಾವುದಕ್ಕೆ ಹೆದರುತ್ತಾನೆಂದು ನೋಡಲೇಬೇಕು, ನಾಳೆ ಯಾರಾದರೂ ಪರಿಹಾರ ಕೇಳಿ ಕೋರ್ಟಿಗೆ ಹೋದರೆ ಎಂಬ ಯೋಚನೆಯನ್ನೂ ಮಾಡಬೇಕು. ಅಂದರೆ ಕ್ಯಾನ್ಸರಿನ ಭಯ ಮಾರುಕಟ್ಟೆಯ ಪೈಪೋಟಿಯನ್ನೇ ಬದಲಿಸಬಲ್ಲದು. ಈ ಬಗ್ಗೆ ಕೆನಡಾ ಯಾವ ಪುರಾವೆಯನ್ನೂ ಒದಗಿಸಿರಲಿಲ್ಲ. ಭೌತಿಕವಾಗಿ ಇಷ್ಟು ದೂರವಿರುವ ಸರಕುಗಳನ್ನು ಸಮಾನವೆನ್ನಬೇಕಾದರೆ ದೂರುದಾರನ ಮೇಲೆ ಭಾರವಾದ ಹೊರೆ ಬೀಳುತ್ತದೆ. ಕೆನಡಾ ಅದನ್ನು ಹೊರಲಿಲ್ಲ.

ನಿಮ್ಮ ಉತ್ತರಪತ್ರಿಕೆಯಲ್ಲಿ ಸುಂಕದ ಪಟ್ಟಿಯ ಬಗ್ಗೆ ಬರೆಯುವುದಾದರೆ ಒಂದು ಎಚ್ಚರಿಕೆ. ಕಚ್ಚಾ ಕಲ್ನಾರಿಗೆ ಎಚ್‌ಎಸ್ ಎಂಬ ಅಂತರರಾಷ್ಟ್ರೀಯ ಸುಂಕದ ಪಟ್ಟಿಯಲ್ಲಿ 2524 ಎಂಬ ಪ್ರತ್ಯೇಕ ಶೀರ್ಷಿಕೆ ಇದೆ. ಶೀಟುಗಳು ಹಾಗಲ್ಲ. ಕಲ್ನಾರು ಸಿಮೆಂಟಿನದೂ ಸೆಲ್ಯುಲೋಸ್ ನಾರಿನ ಸಿಮೆಂಟಿನದೂ ಎರಡೂ 6811ರ ಕೆಳಗೇ ಬರುತ್ತವೆ, ಬೇರೆಯಾಗುವುದು ಉಪಶೀರ್ಷಿಕೆಯಲ್ಲಿ. ಸಂಪಿಗೆಯ ವಕೀಲರು ಇದನ್ನು ಹಿಡಿದು ಜಗ್ಗುತ್ತಾರೆ. ಜಗ್ಗಲಿ, ಒಂದು ಒರೆಗಲ್ಲಿನಿಂದ ತೀರ್ಪಾಗುವುದಿಲ್ಲ. ನಾಲ್ಕನ್ನೂ ಒಟ್ಟಿಗೆ ತೂಗಬೇಕು. 1996ರ ಜಪಾನ್ ಮದ್ಯದ ತೆರಿಗೆ ವ್ಯಾಜ್ಯದಲ್ಲಿ ಮೇಲ್ಮನವಿ ಮಂಡಳಿ ಸಮಾನತೆಯನ್ನು ಅಕಾರ್ಡಿಯನ್ ವಾದ್ಯಕ್ಕೆ ಹೋಲಿಸಿತ್ತು. ನಮ್ಮ ಹಾರ್ಮೋನಿಯಂನ ತಿದಿಯ ಹಾಗೆ, ವಿಧಿಗೆ ತಕ್ಕಂತೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ.

ಇಲ್ಲಿಗೆ ಆರೋಗ್ಯದ ಪುರಾವೆ ಒಂದು ಕೆಲಸ ಮುಗಿಸಿತು. ಸಮಾನತೆಯ ಹಂತದಲ್ಲಿ ಆರೋಗ್ಯದ ಮಾತು ಬಂದಾಗ ರುಜುವಾತಿನ ಹೊಣೆ ದೂರುದಾರ ಸಂಪಿಗೆಯದು. ಅದೇ ಮಾತು 20(ಬಿ) ಹಂತದಲ್ಲಿ ಬಂದಾಗ ಹೊಣೆ ಮಂದಾರದ ಹೆಗಲಿಗೆ ಜಾರುತ್ತದೆ. ಅದೇ ಕ್ಯಾನ್ಸರ್, ಅದೇ ವರದಿಗಳು, ಆದರೆ ಯಾವ ವಿಧಿಯಡಿ ಇಟ್ಟೆವು ಎಂಬುದರ ಮೇಲೆ ಯಾರು ಸಾಬೀತುಪಡಿಸಬೇಕು ಎಂಬುದು ಬದಲಾಗುತ್ತದೆ. ನಿಮಗೆ ಕಡಿಮೆಯಾದ ಅಂಕಗಳಲ್ಲಿ ನಾಲ್ಕೈದಾದರೂ ಇಲ್ಲಿವೆ. ನೀವು ಮೊದಲೇ 20(ಬಿ)ಗೆ ಓಡಿದ್ದರಿಂದ ಮಂದಾರಕ್ಕೆ ಬೇಡದ ಹೊರೆ ಹೊರಿಸಿದಂತಾಯಿತು.

ಒಂದು ವೇಳೆ ಸಮಾನ ಎಂದೇ ಆದರೂ 3(4) ಮುರಿದಂತೆ ಆಗಿಬಿಡುವುದಿಲ್ಲ. ಆಮದಾದ ಸರಕುಗಳ ಗುಂಪನ್ನು ದೇಶಿ ಸರಕುಗಳ ಗುಂಪಿಗಿಂತ ಕಡೆಯಾಗಿ ಕಂಡಿದೆಯೇ ಎಂದು ನೋಡಬೇಕು. ಮಂದಾರದ ಕಲ್ನಾರು ಕಾರ್ಖಾನೆಯೂ ಮುಚ್ಚಿದೆ, ಸಂಪಿಗೆಯವರು ಪಿವಿಎ ಶೀಟು ಮಾಡಿ ಕಳಿಸಿದರೆ ತಡೆಯಿಲ್ಲ. ಹಾಗಾಗಿ 3(4) ವಾದ ಇಲ್ಲಿಗೆ ಬಿತ್ತು ಎಂದು ಧೈರ್ಯವಾಗಿ ಬರೆಯಿರಿ.

ಈಗ ಕೇದಿಗೆ. 1(1)ನೇ ವಿಧಿ ಪರಮಾಪ್ತ ರಾಷ್ಟ್ರದ ನಿಯಮ. ಹೆಸರು ಕೇಳಿದರೆ ಆಪ್ತರಿಗೆ ಕೊಡುವ ವಿಶೇಷ ಮರ್ಯಾದೆ ಎನಿಸುತ್ತದೆ. 2019ರ ಫೆಬ್ರುವರಿಯಲ್ಲಿ, ಪುಲ್ವಾಮಾ ದಾಳಿಯ ನಂತರ, ಭಾರತ ಪಾಕಿಸ್ತಾನಕ್ಕಿದ್ದ ಈ ಸ್ಥಾನಮಾನ ಹಿಂಪಡೆದಾಗ ‘ಇಷ್ಟು ದಿನ ಅವರು ನಮ್ಮ ಪರಮಾಪ್ತರಾಗಿದ್ದರೇ’ ಎಂದು ಜನ ಕೇಳಿದ್ದು ಈ ಹೆಸರಿನಿಂದಲೇ. ಅರ್ಥ ತದ್ವಿರುದ್ಧ: ಯಾರಿಗೂ ವಿಶೇಷವಿಲ್ಲ, ಒಬ್ಬರಿಗೆ ಕೊಟ್ಟ ಅನುಕೂಲವನ್ನು ಅಂಥದೇ ಸರಕಿಗೆ ಎಲ್ಲ ಸದಸ್ಯರಿಗೂ ತಕ್ಷಣ, ಷರತ್ತಿಲ್ಲದೆ ಕೊಡಬೇಕು. ಇದು ಸುಂಕಕ್ಕೆ ಮಾತ್ರ ಸೀಮಿತವಲ್ಲ, 3(4)ರಲ್ಲಿ ಬರುವ ಆಂತರಿಕ ನಿಯಮಗಳಿಗೂ ಅನ್ವಯಿಸುತ್ತದೆ ಎಂದು ವಿಧಿಯ ಒಕ್ಕಣೆಯಲ್ಲೇ ಇದೆ.

ಇಲ್ಲಿ ಹೋಲಿಸಬೇಕಾದ ಜೋಡಿ ಬದಲಾಗುತ್ತದೆ, ಗಮನಿಸಿ. 3(4)ರಲ್ಲಿ ಕಲ್ನಾರು ಶೀಟಿನ ಎದುರು ಪಿವಿಎ ಶೀಟು ಇತ್ತು. 1(1)ರಲ್ಲಿ ಕಲ್ನಾರು ಶೀಟಿನ ಎದುರು ಕಲ್ನಾರು ಶೀಟೇ ಇದೆ: ಒಂದು ಸಂಪಿಗೆಯದು, ಒಂದು ಕೇದಿಗೆಯದು. ಅದೇ ನಾರು, ಅದೇ ದೂಳು. ಸಮಾನತೆಯ ವಾದಕ್ಕೆ ಜಾಗವೇ ಇಲ್ಲ. ಕೇದಿಗೆಗೆ 40,000 ಶೀಟಿನ ದಾರಿ, ಸಂಪಿಗೆಗೆ ಸೊನ್ನೆ. 1(1) ಮುರಿದಿದೆ, ಎರಡು ಮಾತಿಲ್ಲ.

ಮಂದಾರ ಇಲ್ಲಿ 24ನೇ ವಿಧಿ, ಅಂದರೆ ಪ್ರಾದೇಶಿಕ ಒಪ್ಪಂದಗಳಿಗಿರುವ ವಿನಾಯಿತಿ, ಎಳೆಯಬಹುದು. 1999ರ ಟರ್ಕಿ ಜವಳಿ ವ್ಯಾಜ್ಯದಲ್ಲಿ ಅದಕ್ಕೆ ಬಿಗಿಯಾದ ಷರತ್ತು ಬಿದ್ದಿದೆ. ಒಕ್ಕೂಟ ಆ ವಿಧಿಯ ನಿಬಂಧನೆಗಳನ್ನೆಲ್ಲ ಪೂರೈಸಿದೆ ಎಂದೂ, ಈ ಕ್ರಮವಿಲ್ಲದಿದ್ದರೆ ಒಕ್ಕೂಟ ಕಟ್ಟುವುದೇ ಆಗುತ್ತಿರಲಿಲ್ಲ ಎಂದೂ ತೋರಿಸಬೇಕು. ನಿಮ್ಮ ಪ್ರಶ್ನೆಯಲ್ಲಿ ಅದಕ್ಕೆ ಬೇಕಾದ ಸಂಗತಿಗಳು ಇಲ್ಲ. ಎರಡು ಸಾಲು ಬರೆದು ಮುಂದೆ ಹೋಗಿ.

ಈಗ ಬಂತು ನೋಡಿ, 20ನೇ ವಿಧಿಯ ಸರದಿ. ಇದಕ್ಕೂ ಒಂದು ಕ್ರಮವಿದೆ. ಮೊದಲು (ಬಿ) ಖಂಡ, ಆಮೇಲೆ ವಿಧಿಯ ತಲೆಯಲ್ಲಿರುವ ಪೀಠಿಕೆ. ಆರಂಭದಲ್ಲಿ ಬರೆದಿದೆಯೆಂದು ಪೀಠಿಕೆಯನ್ನೇ ಮೊದಲು ನೋಡಿದ ಪ್ಯಾನೆಲನ್ನು 1998ರ ಸೀಗಡಿ ವ್ಯಾಜ್ಯದಲ್ಲಿ ಮೇಲ್ಮನವಿ ಮಂಡಳಿ ತಿದ್ದಿತ್ತು. ಖಂಡ ಕೇಳುವುದು ಕ್ರಮ ಅಗತ್ಯವೇ ಎಂದು. ಪೀಠಿಕೆ ಕೇಳುವುದು ಅದನ್ನು ಜಾರಿ ಮಾಡುವ ರೀತಿ ನ್ಯಾಯವಾಗಿದೆಯೇ ಎಂದು.

ಮನುಷ್ಯರ ಜೀವ ಅಥವಾ ಆರೋಗ್ಯ ಕಾಪಾಡಲು ‘ಅಗತ್ಯ’ ಎಂಬುದನ್ನು ತೂಗಿ ನೋಡುತ್ತಾರೆ: ಕಾಪಾಡಹೊರಟದ್ದು ಎಷ್ಟು ದೊಡ್ಡದು, ಕ್ರಮದಿಂದ ಅದಕ್ಕೆ ಎಷ್ಟು ಉಪಯೋಗ, ವ್ಯಾಪಾರಕ್ಕೆ ಎಷ್ಟು ಪೆಟ್ಟು. ಆಮೇಲೆ, ಇಷ್ಟೇ ಫಲ ಕೊಡುವ, ವ್ಯಾಪಾರಕ್ಕೆ ಕಡಿಮೆ ಅಡ್ಡಿಯಾಗುವ ಬೇರೆ ದಾರಿ ಇತ್ತೇ ಎಂದು. ಆ ಬೇರೆ ದಾರಿಯನ್ನು ಹೆಸರಿಸಬೇಕಾದವನು ದೂರುದಾರ. ಸಂಪಿಗೆ ಹೆಸರಿಸಿದೆ: ಎಚ್ಚರಿಕೆಯ ಬಳಕೆ. ಕೆನಡಾದ್ದೂ ಅದೇ ವಾದವಾಗಿತ್ತು, ನಿಯಂತ್ರಿತ ಬಳಕೆ.

ಈ ವಾದ ಏಕೆ ನಿಲ್ಲುವುದಿಲ್ಲವೆಂದು ತಿಳಿಯಲು ಜಿನೀವಾಕ್ಕೆ ಹೋಗಬೇಕಿಲ್ಲ. ನಮ್ಮೂರುಗಳಲ್ಲಿ ಶೀಟು ಹೊದಿಸುವುದನ್ನು ನೋಡಿ. ಕಬ್ಬಿಣದ ಪಟ್ಟಿಗೆ ಶೀಟು ಬಿಗಿಯಲು ಜೆ ಬೋಲ್ಟ್ ಹಾಕಬೇಕು, ಅದಕ್ಕೆ ತೂತು ಕೊರೆಯಬೇಕು. ಮೂಲೆಗೆ ಅಳತೆ ಹೊಂದದಿದ್ದರೆ ಕಟ್ಟಿಂಗ್ ಮಿಷಿನ್ನಿನಿಂದ ಅಂಗಳದಲ್ಲೇ ಕೊಯ್ಯುತ್ತಾರೆ. ಬಿಳಿ ದೂಳು ಮುಖದ ತುಂಬ. ಕೆಲಸದವರು ಬಾಯಿಗೆ ಕಟ್ಟುವುದು ಟವೆಲ್ಲು, ಅದೂ ಬಿಸಿಲಿಗೆ ಸೆಕೆಯಾದರೆ ಬಿಚ್ಚಿಬಿಡುತ್ತಾರೆ. ಇಪ್ಪತ್ತು ವರ್ಷದ ಮೇಲೆ ಆ ಶೀಟು ಒಡೆದಾಗ ಚೂರು ಮಾಡಿ ಹೊಂಡಕ್ಕೆ ಹಾಕುವವರು ಮತ್ಯಾರೋ. ಗಣಿಯಲ್ಲೋ ಕಾರ್ಖಾನೆಯಲ್ಲೋ ಮುಖಗವಸು, ನೀರಿನ ಸಿಂಪರಣೆ ಎಂದು ನಿಯಮ ಮಾಡಿ ಮೇಲುಸ್ತುವಾರಿ ಇಡಬಹುದು. ಈ ಅಂಗಳಕ್ಕೆ ಯಾವ ಇನ್ಸ್‌ಪೆಕ್ಟರ್ ಬರುತ್ತಾನೆ? ಪ್ಯಾನೆಲ್ ಕಂಡುಕೊಂಡದ್ದೂ ಇದನ್ನೇ: ಕಟ್ಟಡ ಕೆಲಸದಲ್ಲಿ, ಮನೆಯಲ್ಲೇ ಸಣ್ಣಪುಟ್ಟ ರಿಪೇರಿ ಮಾಡಿಕೊಳ್ಳುವವರ ವಿಷಯದಲ್ಲಿ, ನಿಯಂತ್ರಿತ ಬಳಕೆ ಫಲಿಸುತ್ತದೆಂದು ಯಾರೂ ತೋರಿಸಿಕೊಟ್ಟಿರಲಿಲ್ಲ. ಫ್ರಾನ್ಸ್ ಆರಿಸಿಕೊಂಡದ್ದು ಅಪಾಯವನ್ನು ಕಡಿಮೆ ಮಾಡುವ ಗುರಿಯನ್ನಲ್ಲ, ಪೂರ್ತಿ ನಿಲ್ಲಿಸುವ ಗುರಿಯನ್ನು. ಯಾವ ಮಟ್ಟದ ರಕ್ಷಣೆ ಬೇಕೆಂದು ನಿರ್ಧರಿಸುವ ಹಕ್ಕು ಆ ದೇಶದ್ದೇ. ಆ ಮಟ್ಟ ಮುಟ್ಟದ ದಾರಿಯನ್ನು ಪರ್ಯಾಯ ಎನ್ನಲಾಗದು.

ಅಪಾಯವನ್ನು ಅಂಕಿಯಲ್ಲಿ ತೋರಿಸಬೇಕು ಎಂಬ ವಾದವೂ ಕೆನಡಾ ಕಡೆಯಿಂದ ಬಂದಿತ್ತು. ಅಳೆದು ಸಂಖ್ಯೆ ಕೊಡಬೇಕೆಂಬ ಕಡ್ಡಾಯವಿಲ್ಲ, ಅಪಾಯದ ಗುಣವನ್ನು ತೋರಿಸಿದರೂ ಸಾಕು ಎಂದು ಮೇಲ್ಮನವಿ ಮಂಡಳಿ ಹೇಳಿತು. ವಿಜ್ಞಾನಿಗಳಲ್ಲಿ ಬಹುಮತವೇ ಬೇಕೆಂದೂ ಇಲ್ಲ, ಗೌರವಾರ್ಹ ಮೂಲದ ಭಿನ್ನ ಅಭಿಪ್ರಾಯವನ್ನು ಸದ್ಭಾವನೆಯಿಂದ ನೆಚ್ಚಿಕೊಳ್ಳಬಹುದು. ಆದ್ದರಿಂದ ಮಂದಾರ (ಬಿ) ಖಂಡವನ್ನು ದಾಟುತ್ತದೆ ಎಂದು ಮೇಲುನೋಟಕ್ಕೆ ಅನಿಸುತ್ತದೆ.

ಇದರ ಎದುರಿಗೆ ಒಂದು ಹಳೆಯ ಸೋಲನ್ನು ಇಟ್ಟು ನೋಡಿ. 1990ರ ವ್ಯಾಜ್ಯವೊಂದರಲ್ಲಿ ಥಾಯ್ಲೆಂಡ್ ವಿದೇಶಿ ಸಿಗರೇಟಿನ ಆಮದನ್ನು ತಡೆದದ್ದಕ್ಕೆ ಕೊಟ್ಟ ಕಾರಣ ಆರೋಗ್ಯ. ಸಿಗರೇಟು ಕೆಟ್ಟದ್ದೆಂಬುದನ್ನು ಪ್ಯಾನೆಲ್ ಒಪ್ಪಿತು. ಆದರೆ ಅಲ್ಲಿನ ಸರ್ಕಾರಿ ಏಕಸ್ವಾಮ್ಯದ ಸಿಗರೇಟು ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತಿತ್ತು. ಲೇಬಲ್ಲು, ಜಾಹೀರಾತು ನಿಷೇಧದಂಥ, ತಾರತಮ್ಯವಿಲ್ಲದ ದಾರಿಗಳು ಇದ್ದವು. ನಿಷೇಧ ಬಿತ್ತು. ಮಂದಾರ ಫ್ರಾನ್ಸಿನಂತಿದೆಯೋ ಥಾಯ್ಲೆಂಡಿನಂತಿದೆಯೋ ಎಂದು ಕೇಳಿಕೊಂಡರೆ, ದೇಶಿ ಕಾರ್ಖಾನೆಯ ವಿಷಯದಲ್ಲಿ ಫ್ರಾನ್ಸ್, ಕೇದಿಗೆಯ ವಿಷಯದಲ್ಲಿ ಥಾಯ್ಲೆಂಡ್ ಕಡೆ ವಾಲಿದೆ.

ಆ ವಾಲಿಕೆಯೇ ಪೀಠಿಕೆಯಲ್ಲಿ ಎಡವುವ ಜಾಗ. ಒಂದೇ ಬಗೆಯ ಪರಿಸ್ಥಿತಿ ಇರುವ ದೇಶಗಳ ನಡುವೆ ಮನಬಂದಂತೆ ಅಥವಾ ಸಮರ್ಥನೆಯಿಲ್ಲದೆ ತಾರತಮ್ಯ ಮಾಡಬಾರದು, ಮರೆಮಾಚಿದ ವ್ಯಾಪಾರ ನಿರ್ಬಂಧವಾಗಬಾರದು ಎನ್ನುತ್ತದೆ ಪೀಠಿಕೆ. ಬ್ರೆಜಿಲ್‌ನ ಕಥೆ ಇಲ್ಲಿ ಪೂರ್ತಿ ಹೇಳಲೇಬೇಕು. ಸವೆದ ಟೈರಿನಲ್ಲಿ ಮಳೆನೀರು ನಿಲ್ಲುತ್ತದೆ, ಅದರಲ್ಲಿ ಡೆಂಗಿ ಹರಡುವ ಸೊಳ್ಳೆ ಮರಿ ಮಾಡುತ್ತದೆ. ಗುಡ್ಡೆ ಹಾಕಿದ ಟೈರಿಗೆ ಬೆಂಕಿ ಬಿದ್ದರೆ ವಿಷದ ಹೊಗೆ. ರೀಸೋಲ್ ಮಾಡಿದ ಟೈರು ಹೊಸದಕ್ಕಿಂತ ಬೇಗ ಸವೆದು ಕಸವಾಗುತ್ತದೆ, ಮತ್ತೊಮ್ಮೆ ರೀಸೋಲ್ ಮಾಡಲೂ ಬಾರದು. ಹಾಗಾಗಿ ಹೊರಗಿನ ರೀಸೋಲ್ ಟೈರ್ ಬೇಡ ಎಂದಿತು ಬ್ರೆಜಿಲ್. ಉರುಗ್ವೆ ದಕ್ಷಿಣ ಅಮೆರಿಕದ ಮರ್ಕೊಸೂರ್ ಒಕ್ಕೂಟದ ನ್ಯಾಯಮಂಡಳಿಗೆ ಹೋಗಿ ಗೆದ್ದುಬಂತು. ಬ್ರೆಜಿಲ್ ಮರ್ಕೊಸೂರ್ ದೇಶಗಳ ಟೈರಿಗೆ ದಾರಿ ಬಿಟ್ಟಿತು, ಯುರೋಪಿಗೆ ಬಿಡಲಿಲ್ಲ.

ಪ್ಯಾನೆಲ್ ಎರಡು ಕಾರಣ ಕೊಟ್ಟು ಇದನ್ನು ಒಪ್ಪಿಕೊಂಡಿತ್ತು. ತೀರ್ಪಿಗೆ ತಲೆಬಾಗುವುದು ಮನಬಂದಂತೆ ಮಾಡಿದ್ದಲ್ಲ. ಮರ್ಕೊಸೂರ್‌ನಿಂದ ಬಂದ ಟೈರುಗಳ ಸಂಖ್ಯೆಯೂ ನಿಷೇಧದ ಗುರಿ ಕೆಡುವಷ್ಟಿರಲಿಲ್ಲ. ಮೇಲ್ಮನವಿ ಮಂಡಳಿ ಎರಡನ್ನೂ ತಳ್ಳಿಹಾಕಿತು. ನಿಷೇಧ ಅಗತ್ಯ ಎಂಬ ಭಾಗವನ್ನು ಎತ್ತಿಹಿಡಿದು, ಪೀಠಿಕೆಯಲ್ಲಿ ಕೇಳಬೇಕಾದದ್ದು ಬೇರೆಯೇ ಪ್ರಶ್ನೆ ಎಂದಿತು: ಈ ತಾರತಮ್ಯದ ಕಾರಣಕ್ಕೂ ನಿಷೇಧದ ಗುರಿಗೂ ಏನು ಸಂಬಂಧ? ಉರುಗ್ವೆಯಿಂದ ಬಂದ ಟೈರಿನಲ್ಲಿ ಸೊಳ್ಳೆ ಹುಟ್ಟುವುದಿಲ್ಲವೇ? ತೀರ್ಪನ್ನು ಪಾಲಿಸುವುದು ವಿವೇಕದ ನಡೆಯೇ ಇರಬಹುದು. ಆದರೆ ಆ ವಿವೇಕ ಆರೋಗ್ಯದಿಂದ ಬಂದದ್ದಲ್ಲ, ಆರೋಗ್ಯದ ಗುರಿಗೆ ವಿರುದ್ಧವಾಗಿ ಹೋಗುವಂಥದ್ದು. ಎಷ್ಟು ಟೈರು ಬಂತೆಂಬ ಲೆಕ್ಕದಿಂದ ತಾರತಮ್ಯಕ್ಕೆ ಸಮರ್ಥನೆ ಸಿಗುವುದಿಲ್ಲ.

ಟೈರಿನ ಜಾಗದಲ್ಲಿ ಶೀಟು ಇಡಿ, ಉರುಗ್ವೆಯ ಜಾಗದಲ್ಲಿ ಕೇದಿಗೆ ಇಡಿ. ಕೇದಿಗೆಯ ಶೀಟು ಕೊಯ್ದರೂ ಅದೇ ದೂಳು. ಮಂದಾರ ಕೊಡಬಹುದಾದ ಎರಡೂ ಸಮಜಾಯಿಷಿ, ‘ನ್ಯಾಯಮಂಡಳಿ ಹೇಳಿತು’ ಮತ್ತು ‘ಬರೀ 40,000’, ಬ್ರೆಜಿಲ್ ಕೊಟ್ಟು ಸೋತವೇ. ಅದಕ್ಕೇ ಪ್ರಶ್ನೆಯಲ್ಲಿ ನ್ಯಾಯಮಂಡಳಿಯೂ ಇದೆ, ಸಂಖ್ಯೆಯೂ ಇದೆ. 2014ರಲ್ಲಿ ಐರೋಪ್ಯ ಒಕ್ಕೂಟದ ಸೀಲ್ ಉತ್ಪನ್ನಗಳ ನಿಷೇಧಕ್ಕೂ ಇದೇ ಗತಿಯಾಯಿತು. ಅಲ್ಲಿ ಕಾರಣ ಆರೋಗ್ಯವಲ್ಲ, ಸಾರ್ವಜನಿಕ ನೈತಿಕತೆ. ನಿಷೇಧ ಅಗತ್ಯವೆಂದು ಒಪ್ಪಿದರು, ಉತ್ತರ ಧ್ರುವ ಪ್ರದೇಶದ ಇನ್ಯುಟ್ ಜನರ ಬೇಟೆಗಿದ್ದ ವಿನಾಯಿತಿ ಕಾರ್ಯತಃ ಗ್ರೀನ್‌ಲ್ಯಾಂಡಿಗೇ ದಕ್ಕುವಂತಿದ್ದು ಪೀಠಿಕೆಯಲ್ಲಿ ಬಿತ್ತು.

ಎರಡು ಪಕ್ಕದ ಒಪ್ಪಂದಗಳ ಮಾತು ಬಾಕಿ ಇದೆ. ಎಸ್‌ಪಿಎಸ್ ಒಪ್ಪಂದ ಇಲ್ಲಿ ಅನ್ವಯಿಸುವುದಿಲ್ಲ ಎಂದು ಒಂದು ಸಾಲು ಬರೆಯಿರಿ. ಆಹಾರ, ಮೇವಿನಲ್ಲಿರುವ ವಿಷ, ಬೆರಕೆಗಳು ಮತ್ತು ಪ್ರಾಣಿ, ಗಿಡ, ಕೀಟಗಳಿಂದ ಹರಡುವ ರೋಗಗಳ ಅಪಾಯ ಅದರ ವ್ಯಾಪ್ತಿ. ಛಾವಣಿಯ ಶೀಟಿನ ದೂಳು ಅದರೊಳಗೆ ಬರುವುದಿಲ್ಲ. ಪ್ರಶ್ನೆಯಲ್ಲಿ ಶೀಟಿನ ಬದಲು ಕೋಳಿ ಇದ್ದಿದ್ದರೆ ಉತ್ತರದ ದಿಕ್ಕೇ ಬೇರೆಯಾಗುತ್ತಿತ್ತು. ಹಕ್ಕಿಜ್ವರ ವರದಿಯಾದ ದೇಶಗಳಿಂದ ಕೋಳಿಮಾಂಸ, ಮೊಟ್ಟೆ ಬೇಡವೆಂದ ಭಾರತ ಅಮೆರಿಕ ಹೂಡಿದ ವ್ಯಾಜ್ಯದಲ್ಲಿ 2015ರಲ್ಲಿ ಸೋತದ್ದು ಎಸ್‌ಪಿಎಸ್ ಅಡಿಯಲ್ಲಿ. ಅಪಾಯದ ಮೌಲ್ಯಮಾಪನವನ್ನು ಅದು ಮಾಡಿರಲಿಲ್ಲ. ಹೊರದೇಶದ ಒಂದು ಮೂಲೆಯಲ್ಲಿ ರೋಗ ಕಂಡರೆ ಇಡೀ ದೇಶಕ್ಕೆ ಬಾಗಿಲು ಹಾಕುತ್ತಿತ್ತು, ನಮ್ಮಲ್ಲೇ ರೋಗ ಬಂದಾಗ ಸುತ್ತಲಿನ ಹತ್ತು ಕಿಲೋಮೀಟರ್ ವಲಯಕ್ಕಷ್ಟೇ ಬೇಲಿ. ವ್ಯಾಪಾರಕ್ಕೆ ಬರುವ ತಾಂತ್ರಿಕ ಅಡ್ಡಿಗಳ ಕುರಿತ ಟಿಬಿಟಿ ಒಪ್ಪಂದ ಮಾತ್ರ ಅನ್ವಯಿಸಬಹುದು. ಸರಕಿನಲ್ಲಿ ಕಲ್ನಾರು ಇರಬಾರದೆಂಬ ಕಡ್ಡಾಯವೂ ತಾಂತ್ರಿಕ ನಿಯಂತ್ರಣವೇ ಆಗುತ್ತದೆ ಎಂದು ಫ್ರಾನ್ಸಿನ ವ್ಯಾಜ್ಯದಲ್ಲಿ ಹೇಳಿದೆ. ಅದರ 2.1ರಲ್ಲಿ ಪರಮಾಪ್ತ ರಾಷ್ಟ್ರದ ನಿಯಮವೂ ನ್ಯಾಷನಲ್ ಟ್ರೀಟ್‌ಮೆಂಟೂ ಒಟ್ಟಿಗಿವೆ. ಕೇದಿಗೆಯ ರಿಯಾಯಿತಿ ಅಲ್ಲೂ ಸಿಕ್ಕಿಬೀಳುತ್ತದೆ. ಟಿಬಿಟಿಯಲ್ಲಿ 20ನೇ ವಿಧಿಯಂಥ ಪ್ರತ್ಯೇಕ ವಿನಾಯಿತಿ ಇಲ್ಲ ಎಂಬುದನ್ನು ಮರೆಯಬೇಡಿ, ಆರೋಗ್ಯದ ವಾದವನ್ನು 2.1ರ ಒಳಗೇ ಮಾಡಬೇಕು.

ಕೊನೆಯ ಪ್ಯಾರಾದಲ್ಲಿ ಪರಿಹಾರ ಬರೆಯಿರಿ, ಬಹಳ ಮಂದಿ ಇದನ್ನು ಬಿಡುತ್ತಾರೆ. ಸಂಪಿಗೆ ಗೆದ್ದರೂ ಅದರ ಕಲ್ನಾರು ಮಂದಾರಕ್ಕೆ ಹೋಗುವುದು ಖಚಿತವಲ್ಲ. ಕ್ರಮವನ್ನು ಒಪ್ಪಂದಕ್ಕೆ ಹೊಂದಿಸಿ ಎಂದಷ್ಟೇ ಡಬ್ಲ್ಯುಟಿಒ ಹೇಳುತ್ತದೆ. ಕೇದಿಗೆಯ ರಿಯಾಯಿತಿ ರದ್ದು ಮಾಡಿದರೂ ಹೊಂದಿಸಿದಂತೆಯೇ, ನಿಷೇಧ ಹಾಗೇ ಉಳಿಯುತ್ತದೆ. ಆಗ ಕೇದಿಗೆ ಪ್ರಾದೇಶಿಕ ನ್ಯಾಯಮಂಡಳಿಗೆ ಮತ್ತೆ ಹೋಗಬಹುದು. ಬ್ರೆಜಿಲ್ ವ್ಯಾಜ್ಯದಲ್ಲಿ ಮೇಲ್ಮನವಿ ಮಂಡಳಿ ಒಂದು ವಿಷಯ ಗಮನಿಸಿತ್ತು: ಮರ್ಕೊಸೂರ್ ದೇಶಗಳನ್ನು ಕಟ್ಟುವ ಮಾಂಟೆವಿಡಿಯೊ ಒಪ್ಪಂದದಲ್ಲೂ 20(ಬಿ)ಯಂಥದೇ ಆರೋಗ್ಯದ ಖಂಡವಿದೆ, ಉರುಗ್ವೆಯ ಎದುರು ವಾದಿಸುವಾಗ ಬ್ರೆಜಿಲ್ ಅದನ್ನು ಎತ್ತಿರಲೇ ಇಲ್ಲ. ಮಂದಾರದ ಪ್ರಾದೇಶಿಕ ಒಪ್ಪಂದದಲ್ಲೂ ಅಂಥ ಖಂಡ ಇದ್ದರೆ, ಶೀಟು ಕೊಯ್ಯುವ ಅಂಗಳದ ದೂಳಿನ ಮಾತನ್ನು ಮಂದಾರ ಮೊದಲು ಆಡಬೇಕಾಗಿದ್ದದ್ದು ಅಲ್ಲಿ, ಕೇದಿಗೆಯ ಎದುರು.